ಹಳೆಯ ಮ್ಯಾನೇಜರ್‌ಗೆ ಬರೆಯುವ ಆ ನಾಲ್ಕು ಸಾಲು

ಮೊದಲು ಒಂದು ಸಂದೇಶ ಓದಿಬಿಡುತ್ತೇನೆ. "ಹಾಯ್ ಮೇಡಂ, ಹೇಗಿದ್ದೀರಿ? ಲಿಂಕ್ಡ್‌ಇನ್‌ನಲ್ಲಿ ನನಗೊಂದು ರೆಕಮಂಡೇಶನ್ ಬರೆದುಕೊಡ್ತೀರಾ? ಥ್ಯಾಂಕ್ಸ್."

ನಿಮ್ಮಲ್ಲಿ ಕೆಲವರು ನಗುತ್ತಿದ್ದೀರಿ, ಅಂದರೆ ಇಂಥದ್ದನ್ನು ಕಳಿಸಿದ್ದೀರಿ. ತಪ್ಪೇನಿಲ್ಲ. ಡಿಸೈನ್ ತಂಡ ನಡೆಸಿದ ಯಾರಿಗೇ ಆದರೂ ಇಂಥವು ಬರುತ್ತಲೇ ಇರುತ್ತವೆ, ನನಗೂ ಬರುತ್ತವೆ. ಇದರಲ್ಲಿ ಮರ್ಯಾದೆಗೆ ಕೊರತೆಯಿಲ್ಲ, ಕೇಳಿದ್ದೂ ದೊಡ್ಡದೇನಲ್ಲ. ತೊಂದರೆ ಶುರುವಾಗುವುದು ಆಮೇಲೆ. ಇದನ್ನು ಓದಿದ ಮ್ಯಾನೇಜರ್ "ಖಂಡಿತ" ಅಂತ ಉತ್ತರಿಸಿ, ರಾತ್ರಿ ಊಟ ಆದ ಮೇಲೆ ಬರೆಯೋಣ ಅಂತ ಕೂತರೆ ಅವರ ಎದುರಿಗೆ ಒಂದು ಖಾಲಿ ಚೌಕ ಇರುತ್ತದೆ. ಅದರಲ್ಲಿ 3000 ಅಕ್ಷರದವರೆಗೆ ಬರೆಯಬಹುದು. ಏನು ಬರೆಯಬೇಕು ಅನ್ನುವುದಕ್ಕೆ ಒಂದು ಎಳೆಯೂ ಇಲ್ಲ. ನಿಮ್ಮ ಮುಖ ನೆನಪಿದೆ, ನೀವು ಒಳ್ಳೆಯವರು ಅಂತಲೂ ನೆನಪಿದೆ. ಆದರೆ ಎರಡು ವರ್ಷದ ಹಿಂದೆ ಯಾವ ಪ್ರಾಜೆಕ್ಟ್‌ನಲ್ಲಿ ನೀವು ನಿಖರವಾಗಿ ಏನು ಮಾಡಿದಿರಿ? ಆಮೇಲೆ ಅವರ ಕೈಕೆಳಗೆ ಬೇರೆ ಎಷ್ಟೋ ಜನ ಕೆಲಸ ಮಾಡಿ ಹೋಗಿದ್ದಾರೆ.

ಆಗ ಬರುವ ಬರಹ ಹೀಗಿರುತ್ತದೆ: "ಇವರು ಅತ್ಯಂತ ಸೃಜನಶೀಲ, ಶ್ರಮಜೀವಿ ಡಿಸೈನರ್. ಎಲ್ಲರೊಂದಿಗೆ ಹೊಂದಿಕೊಂಡು ಕೆಲಸ ಮಾಡುತ್ತಾರೆ. ಯಾವುದೇ ತಂಡಕ್ಕೆ ಇವರು ಆಸ್ತಿ." ಇದರಲ್ಲಿ ಸುಳ್ಳೊಂದೂ ಇಲ್ಲ. ಆದರೆ ನಿಮ್ಮ ಹೆಸರು ತೆಗೆದು ನಿಮ್ಮ ಪಕ್ಕದ ಸೀಟಿನವರ ಹೆಸರು ಹಾಕಿದರೂ ಸರಿಹೋಗುತ್ತದೆ. "ಡಿಸೈನರ್" ತೆಗೆದು "ಅಕೌಂಟೆಂಟ್" ಅಂತ ಹಾಕಿದರೂ ಸರಿಹೋಗುತ್ತದೆ. ಕೆಲಸಕ್ಕೆ ಜನ ತೆಗೆದುಕೊಳ್ಳುವವರು ಇಂಥದ್ದರ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ದೂರಬೇಕಾದ್ದು ಮ್ಯಾನೇಜರ್‌ರನ್ನಲ್ಲ, ಕೇಳಿದ ಸಂದೇಶವನ್ನು. ಡಿಸೈನರ್‌ಗಳಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ: ಬ್ರೀಫ್ ಕೊಡದೆ ಕೆಲಸ ಹೇಳಿದರೆ ನೀವೇ ಎಷ್ಟು ಗೊಣಗುತ್ತೀರಿ! ಇಲ್ಲಿ ಬ್ರೀಫ್ ಕೊಡಬೇಕಾದವರು ನೀವು.

ಡಿಸೈನರ್‌ಗಳಿಗೆ ಇದು ಬೇರೆಯವರಿಗಿಂತ ಯಾಕೆ ಹೆಚ್ಚು ಮುಖ್ಯ ಅಂತ ಹೇಳುತ್ತೇನೆ. ನಿಮ್ಮ ಹತ್ತಿರ ಪೋರ್ಟ್‌ಫೋಲಿಯೊ ಇರುತ್ತದೆ, ಸ್ಕ್ರೀನ್‌ಗಳು ಚೆನ್ನಾಗಿವೆ ಅಂತ ಯಾರೂ ಹೊಗಳಬೇಕಾಗಿಲ್ಲ, ಕಾಣಿಸುತ್ತವೆ. ಪೋರ್ಟ್‌ಫೋಲಿಯೊ ನೋಡುವಾಗ ನನ್ನಂಥವರ ತಲೆಯಲ್ಲಿ ಓಡುವ ಪ್ರಶ್ನೆಗಳೇ ಬೇರೆ. ಇದರಲ್ಲಿ ಇವರ ಪಾಲು ಎಷ್ಟು? ವೈರ್‌ಫ್ರೇಮ್ ಬೇರೆಯವರು ಕೊಟ್ಟು ಇವರು ಬಣ್ಣ ಹಾಕಿದರೋ? ಡಿಸೈನ್ ಸಿಸ್ಟಮ್ ಮೊದಲೇ ಇತ್ತೋ, ಇವರು ಕಟ್ಟಿದರೋ? ಡೆವಲಪರ್ "ಇದು ಆಗಲ್ಲ" ಅಂದ ದಿನ ಇವರು ಏನು ಮಾಡಿದರು? ಮೀಟಿಂಗ್‌ನಲ್ಲಿ ತಮ್ಮ ಡಿಸೈನನ್ನು ಯಾರಾದರೂ ಟೀಕಿಸಿದರೆ ಹೇಗೆ ತೆಗೆದುಕೊಂಡರು? ಇದ್ಯಾವುದೂ ಕೇಸ್ ಸ್ಟಡಿಯಲ್ಲಿ ಕಾಣುವುದಿಲ್ಲ. ಕೇಸ್ ಸ್ಟಡಿಯಲ್ಲಿ ಎಲ್ಲವೂ ಕ್ರಮವಾಗಿ ನಡೆದಂತೆ ಇರುತ್ತದೆ, ಮೊದಲು ರಿಸರ್ಚ್, ಆಮೇಲೆ ಐಡಿಯಾ, ಆಮೇಲೆ ಗೆಲುವು. ನಿಜವಾದ ಪ್ರಾಜೆಕ್ಟ್ ಹಾಗೆ ನಡೆದದ್ದನ್ನು ನಾನಂತೂ ಕಂಡಿಲ್ಲ. ಆ ಗಲಿಬಿಲಿಯನ್ನು ಕಣ್ಣಾರೆ ಕಂಡ ಒಬ್ಬರು ಇರುತ್ತಾರಲ್ಲ, ಅವರೇ ನಿಮ್ಮ ಹಳೆಯ ಮ್ಯಾನೇಜರ್. ಅವರಿಂದ ಕೇಳಿ ಪಡೆಯಬೇಕಾದ್ದು ಪೋರ್ಟ್‌ಫೋಲಿಯೊ ಹೇಳಲಾರದ ಮಾತು.

ಈಗ ಲಿಂಕ್ಡ್‌ಇನ್ ಇದನ್ನು ಹೇಗೆ ನಡೆಸುತ್ತದೆ ಅಂತ ಬೇಗ ಹೇಳಿ ಮುಗಿಸುತ್ತೇನೆ, ಗೊತ್ತಿರುವವರು ಸಹಿಸಿಕೊಳ್ಳಿ. ಮ್ಯಾನೇಜರ್ ನಿಮ್ಮ ನೇರ ಕನೆಕ್ಷನ್ ಆಗಿರಬೇಕು, ಇಲ್ಲದಿದ್ದರೆ ಕೇಳಲು ಬರುವುದಿಲ್ಲ. ಅವರ ಪ್ರೊಫೈಲ್‌ಗೆ ಹೋಗಿ `Request a recommendation` ಒತ್ತಿದರೆ ಎರಡು ವಿಷಯ ಕೇಳುತ್ತದೆ: ಅವರಿಗೂ ನಿಮಗೂ ಇದ್ದ ಸಂಬಂಧ, ಮತ್ತು ಆಗ ನೀವಿದ್ದ ಹುದ್ದೆ. ಇವೆರಡನ್ನೂ ಸರಿಯಾಗಿ ಆರಿಸಿ, ಯಾಕೆಂದರೆ ಅವರು ನಿಮ್ಮ ನೇರ ಮ್ಯಾನೇಜರ್ ಆಗಿದ್ದರು ಅನ್ನುವ ಸಾಲು ಮುಂದೆ ಬರಹದ ಜೊತೆಯಲ್ಲೇ ಎಲ್ಲರಿಗೂ ಕಾಣುತ್ತದೆ. ಕೊನೆಗೆ ಸಂದೇಶದ ಜಾಗ ಬರುತ್ತದೆ. ಅಲ್ಲಿ ಲಿಂಕ್ಡ್‌ಇನ್ ತಾನೇ ಒಂದು ಸಾಲು ತುಂಬಿಸಿಟ್ಟಿರುತ್ತದೆ. ನಾನು ಆಗಲೇ ಓದಿದೆನಲ್ಲ, ಹೆಚ್ಚೂಕಡಿಮೆ ಅದೇ ಧಾಟಿಯದು. ಬಹಳ ಜನ ಅದನ್ನೇ ಕಳಿಸಿಬಿಡುತ್ತಾರೆ. ಬರಹ ಬಂದ ತಕ್ಷಣ ಅದು ನಿಮ್ಮ ಪ್ರೊಫೈಲ್ ಮೇಲೆ ಕೂತುಬಿಡುವುದಿಲ್ಲ, ನೀವು ಓದಿ ಒಪ್ಪಿದ ಮೇಲಷ್ಟೇ ಬರುತ್ತದೆ. ತಿದ್ದುಪಡಿ ಕೇಳುವ ಅವಕಾಶವೂ ಇದೆ.

ನನ್ನ ಸಲಹೆ ಏನೆಂದರೆ, ಆ ಬಟನ್‌ನಿಂದ ಶುರು ಮಾಡಬೇಡಿ. ಮೊದಲು ಒಂದು ಖಾಸಗಿ ಸಂದೇಶ ಕಳಿಸಿ. ಮೇಲ್ ಆಗಬಹುದು, ನೀವಿಬ್ಬರೂ ಮಾತಾಡುತ್ತಿದ್ದ ಯಾವುದಾದರೂ ಚಾಟ್ ಆಗಬಹುದು. ಅವರು ಹೂಂ ಅಂದ ಮೇಲೆ ಬಟನ್ ಒತ್ತಿ. ಕಾರಣ ಇಷ್ಟೇ: ಆ ಅಧಿಕೃತ ಮನವಿಗೆ "ಆಗಲ್ಲಮ್ಮಾ" ಅಂತ ಹೇಳುವುದು ಮುಜುಗರದ ಕೆಲಸ, ಹಾಗಾಗಿ ಜನ ಅದನ್ನು ಹಾಗೇ ಬಿಟ್ಟುಬಿಡುತ್ತಾರೆ. ಅವರಿಗೆ ಬರೆಯುವ ಮನಸ್ಸಿಲ್ಲವೋ, ಅವರು ಲಿಂಕ್ಡ್‌ಇನ್ ತೆರೆದು ತಿಂಗಳಾಯಿತೋ, ನಿಮಗೆ ಗೊತ್ತೇ ಆಗುವುದಿಲ್ಲ.

ಒಂದು ನಿಜವಾದ ಪ್ರಸಂಗ ಹೇಳುತ್ತೇನೆ. ನನ್ನ ತಂಡದಲ್ಲಿದ್ದ ಒಬ್ಬ ಡಿಸೈನರ್, ಅವರ ಒಪ್ಪಿಗೆ ತಗೊಂಡೇ ಹೇಳುತ್ತಿದ್ದೇನೆ, ಕೆಲಸ ಬಿಟ್ಟು ಎರಡು ವರ್ಷದ ಮೇಲೆ ಬರೆದರು. ಸಂದೇಶ ಹೀಗಿತ್ತು:

"ನಮಸ್ಕಾರ ಮೇಡಂ. ಪ್ರಾಡಕ್ಟ್ ಡಿಸೈನರ್ ಕೆಲಸಗಳಿಗೆ ಅರ್ಜಿ ಹಾಕಲು ಶುರು ಮಾಡಿದ್ದೇನೆ. ಬುಕಿಂಗ್ ಆ್ಯಪ್‌ನಲ್ಲಿ ದಿನಾಂಕ ಬದಲಿಸುವ ಭಾಗವನ್ನು ಹೊಸದಾಗಿ ಮಾಡಿದ್ದೆವಲ್ಲ, ಆಗ ನಾನು ಡೆವಲಪರ್‌ಗಳ ಜೊತೆ ಹೇಗೆ ಕೆಲಸ ಮಾಡಿದೆ ಅನ್ನೋದನ್ನ ಹತ್ತಿರದಿಂದ ನೋಡಿದವರು ನೀವು. ಅದರ ಬಗ್ಗೆ ಲಿಂಕ್ಡ್‌ಇನ್‌ನಲ್ಲಿ ನಾಲ್ಕೈದು ಸಾಲು ಬರೆದುಕೊಡೋಕೆ ಆಗುತ್ತಾ? ಈ ತಿಂಗಳ ಕೊನೆಯೊಳಗೆ ಸಿಕ್ಕರೆ ಅನುಕೂಲ. ಬಿಡುವಿಲ್ಲದಿದ್ದರೆ, ಅಥವಾ ಬರೆಯೋದು ಸರಿ ಅನ್ನಿಸದಿದ್ದರೆ, ಹಾಗೇ ಹೇಳಿ ಮೇಡಂ, ಖಂಡಿತ ಬೇಜಾರಿಲ್ಲ. ಆಗುತ್ತೆ ಅಂದ್ರೆ ನೆನಪಿಗೆ ಅಂತ ಒಂದೆರಡು ವಿವರ ಕಳಿಸ್ತೀನಿ."

ಇದನ್ನು ನಾನು ಎಲ್ಲೋ ನಿಂತುಕೊಂಡು ಫೋನಿನಲ್ಲೇ ಓದಿ, ಅಲ್ಲೇ "ಆಗುತ್ತೆ, ಕಳಿಸಿ" ಅಂತ ಉತ್ತರ ಕೊಟ್ಟೆ. ಅಷ್ಟು ಸುಲಭವಾದದ್ದು ಯಾಕೆ ನೋಡಿ. ಯಾವ ಕೆಲಸ ಅಂತ ಹೆಸರಿಟ್ಟು ಹೇಳಿದ್ದಾರೆ, ನಾನು ಹಳೆಯ ಕಡತ ತೆರೆಯಬೇಕಾಗಿಲ್ಲ. ಯಾವ ಗುಣದ ಬಗ್ಗೆ ಬರೆಯಬೇಕು ಅಂತ ಹೇಳಿದ್ದಾರೆ, ಅದೂ ಒಂದೇ ಗುಣ. ಮುಂದೆ ಎಂಥ ಕೆಲಸ ಹುಡುಕುತ್ತಿದ್ದಾರೆ ಅಂತಲೂ ತಿಳಿಯಿತು, ಹಾಗಾಗಿ ಓದುವವರು ಯಾರು ಅನ್ನುವ ಅಂದಾಜು ನನಗೆ ಸಿಕ್ಕಿತು. "ನಾಲ್ಕೈದು ಸಾಲು" ಅಂದದ್ದರಿಂದ ಭಾರ ಇಳಿಯಿತು.

ಆ "ಸರಿ ಅನ್ನಿಸದಿದ್ದರೆ" ಅನ್ನುವ ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಬರೀ ಸೌಜನ್ಯ ಅಲ್ಲ, ನಿಮಗೇ ರಕ್ಷಣೆ. ಮನಸ್ಸಿಲ್ಲದವರು ಮುಲಾಜಿಗೆ ಬಿದ್ದು ಬರೆದದ್ದು ಹೇಗಿರುತ್ತದೆ ಗೊತ್ತೇ? "ಇವರು ನನ್ನ ತಂಡದಲ್ಲಿ ಇಷ್ಟು ವರ್ಷ ಇದ್ದರು. ಸಮಯಕ್ಕೆ ಸರಿಯಾಗಿ ಬರುತ್ತಿದ್ದರು. ಮುಂದಿನ ಹಾದಿಗೆ ಶುಭ ಹಾರೈಸುತ್ತೇನೆ." ಅನುಭವ ಇರುವವರು ಈ ತಣ್ಣನೆಯ ದನಿಯನ್ನು ಥಟ್ಟನೆ ಗುರುತಿಸುತ್ತಾರೆ. ಇಂಥದ್ದು ಪ್ರೊಫೈಲ್ ಮೇಲೆ ಇರುವುದಕ್ಕಿಂತ ಏನೂ ಇಲ್ಲದಿರುವುದೇ ವಾಸಿ.

ಆ ಸಂದೇಶದಲ್ಲಿ ಇಲ್ಲದ್ದೇನು ಅಂತಲೂ ಗಮನಿಸಿ. "ನಿಮ್ಮಂಥ ಮ್ಯಾನೇಜರ್ ಸಿಕ್ಕಿದ್ದು ನನ್ನ ಪುಣ್ಯ" ಅನ್ನುವ ಧಾಟಿಯ ಪೀಠಿಕೆ ಇಲ್ಲ. ಎರಡು ವರ್ಷ ಸುದ್ದಿಯೇ ಇಲ್ಲದವರು ಇದ್ದಕ್ಕಿದ್ದಂತೆ ಹೊಗಳಲು ಶುರು ಮಾಡಿದರೆ, ಏನೋ ಕೇಳುವುದಿದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ನೇರವಾಗಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನಾನು ಒಪ್ಪಿದ ಮೇಲೆ ಅವರ ಎರಡನೆಯ ಸಂದೇಶ ಬಂತು. ಇದೇ ಮುಖ್ಯವಾದದ್ದು, ಇದನ್ನೂ ಓದುತ್ತೇನೆ.

"ಥ್ಯಾಂಕ್ಸ್ ಮೇಡಂ. ಸಪೋರ್ಟ್ ಕಾಲ್‌ಗಳ ರೆಕಾರ್ಡಿಂಗ್ ಕೇಳ್ತಾ, ಜನ ಬುಕಿಂಗ್ ರದ್ದು ಮಾಡಿ ಮತ್ತೆ ಹೊಸದಾಗಿ ಮಾಡ್ತಿರೋದು ದಿನಾಂಕ ಬದಲಿಸೋ ಬಟನ್ ಕಾಣದೇ ಇರೋದಕ್ಕೆ ಅಂತ ಗೊತ್ತಾಗಿ, ರಿವ್ಯೂ ಮೀಟಿಂಗ್‌ನಲ್ಲಿ ನಿಮಗೆ ಒಂದು ಕಾಲ್ ಕೇಳಿಸಿದ್ದೆ. ಹೊಸ ಕ್ಯಾಲೆಂಡರ್ ಕಾಂಪೊನೆಂಟ್ ಆ ರಿಲೀಸ್‌ನಲ್ಲಿ ಮಾಡೋಕಾಗಲ್ಲ ಅಂತ ಡೆವಲಪರ್‌ಗಳು ಹೇಳಿದಾಗ, ಇದ್ದ ಕಾಂಪೊನೆಂಟ್‌ನಲ್ಲೇ ಆಗೋ ಹಾಗೆ ಡಿಸೈನ್ ಬದಲಾಯಿಸಿದೆ. ಹ್ಯಾಂಡಾಫ್ ಫೈಲ್‌ನಲ್ಲಿ ಎರರ್, ಲೋಡಿಂಗ್, ಖಾಲಿ ಸ್ಕ್ರೀನ್ ಇವಕ್ಕೆಲ್ಲ ಬೇರೆ ಪುಟ ಮಾಡಿದ್ದೆ. ಬಳಕೆದಾರರ ಇಂಟರ್‌ವ್ಯೂಗಳ ಪ್ಲಾನ್ ಮಾತ್ರ ನನ್ನದಲ್ಲ, ರಿಸರ್ಚ್‌ನವರು ಮಾಡಿದ್ದು, ಅದನ್ನ ನನ್ನ ಹೆಸರಿಗೆ ಹಾಕಬೇಡಿ."

ಈ ಕೊನೆಯ ಸಾಲು ಓದಿದಾಗ ನನಗೆ ಅವರ ಮೇಲೆ ಇದ್ದ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಈ ಬರಹದ ಜೊತೆ ಇರುವುದು ನನ್ನ ಹೆಸರು. ಅದರ ಮೇಲೆ ಒತ್ತಿದರೆ ನನ್ನ ಪ್ರೊಫೈಲ್ ತೆರೆಯುತ್ತದೆ, ಯಾರಾದರೂ ನನ್ನನ್ನೇ ಸಂಪರ್ಕಿಸಿ "ಇದು ನಿಜವಾ?" ಅಂತ ಕೇಳಬಹುದು. ಯಾವುದು ತನ್ನದಲ್ಲ ಅಂತ ಹೇಳಿದವರ ಉಳಿದ ಮಾತನ್ನು ನಾನು ಕಣ್ಣುಮುಚ್ಚಿ ನಂಬಬಹುದು.

ಇನ್ನೊಂದು ಸೂಕ್ಷ್ಮ ಇದೆ. ಅವರು ಕಳಿಸಿದ ಮೂರೂ ವಿಷಯಗಳಲ್ಲಿ ವಿಶೇಷಣವೇ ಇಲ್ಲ. "ನಾನು ಬಳಕೆದಾರರ ಕಷ್ಟ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತೇನೆ ಅಂತ ಬರೆಯಿರಿ" ಅಂದಿಲ್ಲ. ನಡೆದದ್ದನ್ನು ಹೇಳಿದ್ದಾರೆ, ಅದೂ ನನ್ನ ಕಣ್ಣೆದುರಿಗೆ ನಡೆದದ್ದನ್ನು. ಆ ಮೀಟಿಂಗ್‌ನಲ್ಲಿ ನಾನಿದ್ದೆ, ಆ ಕಾಲ್ ಕೇಳಿದ್ದೆ. ಬಟನ್ ಹುಡುಕಿ ಹುಡುಕಿ ಸಾಕಾದ ಒಬ್ಬರ ದನಿ ಅದು, ಕೇಳಿದ ಮೇಲೆ ಕೋಣೆಯಲ್ಲಿ ಯಾರೂ "ಈ ಬದಲಾವಣೆ ಯಾಕೆ ಬೇಕು" ಅಂತ ಕೇಳಲಿಲ್ಲ. ಅವರು ಒಂದು ಸಾಲು ಬರೆದರು, ನನಗೆ ಇಡೀ ಮೀಟಿಂಗ್ ನೆನಪಾಯಿತು. ಹೊಗಳಿಕೆಯ ಪದಗಳನ್ನು ನೀವು ಕೊಟ್ಟರೆ ಮ್ಯಾನೇಜರ್ ಅವನ್ನೇ ತಿರುಗಿಸಿ ಕೊಡುತ್ತಾರೆ. ನಡೆದದ್ದನ್ನು ನೆನಪಿಸಿದರೆ ಅವರದೇ ಮಾತು ಬರುತ್ತದೆ. ನಾನು ಕೊನೆಗೆ ಬರೆದದ್ದು ಇದು:

"ಬುಕಿಂಗ್ ಆ್ಯಪ್‌ನ ಒಂದು ಭಾಗವನ್ನು ಹೊಸದಾಗಿ ರೂಪಿಸುವಾಗ ಇವರು ನನ್ನ ತಂಡದಲ್ಲಿದ್ದರು. ತೊಂದರೆ ಎಲ್ಲಿದೆ ಎಂಬುದನ್ನು ಸಪೋರ್ಟ್ ಕಾಲ್‌ಗಳನ್ನು ಕೇಳಿ ಕಂಡುಕೊಂಡರು, ಒಂದು ಕಾಲನ್ನು ನಮಗೂ ಕೇಳಿಸಿದರು. ಬೇಕೆಂದಿದ್ದ ಕ್ಯಾಲೆಂಡರ್ ಈ ರಿಲೀಸ್‌ನಲ್ಲಿ ಆಗದು ಎಂದು ಡೆವಲಪರ್‌ಗಳು ಹೇಳಿದಾಗ ವಾದಕ್ಕಿಳಿಯಲಿಲ್ಲ. ಆಗುವುದೇನು ಎಂದು ಕೇಳಿ, ಅದರಲ್ಲೇ ಕೂರುವ ಡಿಸೈನ್ ತಂದರು. ಅವರ ಹ್ಯಾಂಡಾಫ್ ಫೈಲ್ ಕೈಗೆ ಬಂದ ಮೇಲೆ, 'ಇಲ್ಲಿ ಎರರ್ ಬಂದರೆ ಏನು ತೋರಿಸಬೇಕು' ಎಂಬ ಪ್ರಶ್ನೆ ನನ್ನವರೆಗೆ ಬರುವುದು ನಿಂತಿತು."

ಆ ಕೊನೆಯ ವಾಕ್ಯ ಅವರ ಟಿಪ್ಪಣಿಯಲ್ಲಿ ಇರಲಿಲ್ಲ. ಅವರಿಗೆ ಅದು ಗೊತ್ತಿರಲೂ ಸಾಧ್ಯವಿಲ್ಲ, ಆ ಪ್ರಶ್ನೆಗಳು ಮೊದಲು ಬರುತ್ತಿದ್ದದ್ದು ನನ್ನ ಮೇಜಿಗೆ. ಆಮೇಲೆ ಒಬ್ಬರು ಇಂಟರ್‌ವ್ಯೂನಲ್ಲಿ ಅವರನ್ನು ಅದರ ಬಗ್ಗೆಯೇ ಕೇಳಿದರಂತೆ, "ಆ ಹ್ಯಾಂಡಾಫ್ ಫೈಲ್ ಹೇಗೆ ಜೋಡಿಸಿದ್ದಿರಿ?" ಅಂತ.

ಈಗ ಯಾರನ್ನು ಕೇಳುತ್ತೀರಿ ಅನ್ನುವುದಕ್ಕೆ ಬರೋಣ. ಎಷ್ಟೋ ಕಡೆ ಡಿಸೈನರ್‌ನ ಮ್ಯಾನೇಜರ್ ಡಿಸೈನರ್ ಆಗಿರುವುದಿಲ್ಲ. ಪ್ರಾಡಕ್ಟ್ ನೋಡಿಕೊಳ್ಳುವವರೋ, ಎಂಜಿನಿಯರಿಂಗ್ ಮುಖ್ಯಸ್ಥರೋ, ಸಣ್ಣ ಕಡೆಯಾದರೆ ಮಾಲೀಕರೋ ಆಗಿರುತ್ತಾರೆ. ಅವರ ಹತ್ತಿರ "ನನ್ನ ಟೈಪೊಗ್ರಫಿ ಬಗ್ಗೆ ಎರಡು ಮಾತು ಬರೆಯಿರಿ ಸರ್" ಅಂದರೆ ಅವರು ಏನೋ ಬರೆಯುತ್ತಾರೆ, ಓದುವವರಿಗೆ ಅದು ಎರವಲು ಮಾತು ಅಂತ ಗೊತ್ತಾಗುತ್ತದೆ. ಎಂಜಿನಿಯರಿಂಗ್ ಮುಖ್ಯಸ್ಥರು ಬೇರೇನೋ ನೋಡಿರುತ್ತಾರೆ: ನಿಮ್ಮ ಫೈಲ್ ನೋಡಿ ಅವರ ಹುಡುಗರು ನೇರವಾಗಿ ಕಟ್ಟಲು ಕೂತರೋ, ಅಥವಾ ದಿನಾ ನಿಮ್ಮನ್ನು ಹುಡುಕಿಕೊಂಡು ಬರಬೇಕಾಯಿತೋ. ಅದನ್ನೇ ಕೇಳಿ, ಅವರಿಗೂ ಬರೆಯಲು ಹಿತ. ದೃಶ್ಯದ ಕಸುಬಿನ ಬಗ್ಗೆ ಮಾತು ಬೇಕಿದ್ದರೆ ಜೊತೆಗಿದ್ದ ಹಿರಿಯ ಡಿಸೈನರ್ ಒಬ್ಬರನ್ನು ಬೇರೆಯಾಗಿ ಕೇಳಿ. ಒಂದೇ ಸಂದೇಶವನ್ನು ಇಬ್ಬರಿಗೂ ಕಾಪಿ ಮಾಡಿ ಕಳಿಸಿದರೆ ಇಬ್ಬರಿಂದಲೂ ಒಂದೇ ಥರದ್ದು ಬರುತ್ತದೆ. ಜೊತೆಗೆ, "ನೀವು ನನಗೆ ಬರೆಯಿರಿ, ನಾನು ನಿಮಗೆ ಬರೆಯುತ್ತೇನೆ" ಅನ್ನುವ ಒಪ್ಪಂದ ಬೇಡ. ಪ್ರತಿ ಬರಹದ ಜೊತೆ ತಾರೀಖು ಇರುತ್ತದೆ, ನೀವು ಪಡೆದದ್ದೂ ಕೊಟ್ಟದ್ದೂ ಪ್ರೊಫೈಲ್‌ನಲ್ಲಿ ಕಾಣುತ್ತವೆ. ಒಂದೇ ವಾರದ ಕೊಡುಕೊಳ್ಳುವಿಕೆ ಯಾರ ಕಣ್ಣಿಗಾದರೂ ಬೀಳುತ್ತದೆ.

"ನೀವೇ ಬರೆದು ಕಳಿಸಿ, ನಾನು ಹಾಕುತ್ತೇನೆ" ಅನ್ನುವ ಮ್ಯಾನೇಜರ್‌ಗಳ ವಿಷಯ ಯಾರೋ ಚೀಟಿಯಲ್ಲಿ ಕೇಳಿದ್ದಾರೆ. ಹೌದು, ಇದು ತುಂಬಾ ಸಾಮಾನ್ಯ, ಅದರಲ್ಲೂ ಮೇಲಿನ ಹುದ್ದೆಯವರಲ್ಲಿ. ನನಗೆ ಇದು ಇಷ್ಟವಿಲ್ಲ, ಆದರೆ ಹಾಗಂತ ಅವರ ಜೊತೆ ಜಗಳ ಆಡಲು ಬರುವುದಿಲ್ಲವಲ್ಲ. ಆಗ ನಾನು ಹೇಳುವುದು: ಸಿದ್ಧ ಪ್ಯಾರಾ ಕಳಿಸಬೇಡಿ. ನಿಮ್ಮನ್ನು ನೀವೇ ಹೊಗಳಿಕೊಳ್ಳುವ ವಾಕ್ಯ ಬರೆಯಲು ಕೂತರೆ ಕೈ ತಾನಾಗಿ ಆ ಸವೆದ ಪದಗಳ ಕಡೆಗೇ ಹೋಗುತ್ತದೆ. ಬದಲಿಗೆ, ನಾನು ಓದಿದ ಎರಡನೆಯ ಸಂದೇಶದಂಥ ಟಿಪ್ಪಣಿ ಕಳಿಸಿ, ಕೆಳಗೆ ಒಂದು ಪ್ರಶ್ನೆ ಇಡಿ: "ಇದರಲ್ಲಿ ನಿಮಗೆ ಹೆಚ್ಚು ನೆನಪಿರೋದು ಯಾವುದು ಸರ್?" ಅವರು ಫೋನಿನಲ್ಲಿ ಎರಡು ವಾಕ್ಯ ಉತ್ತರಿಸುತ್ತಾರೆ. ಆ ಎರಡು ವಾಕ್ಯವೇ ಹೆಚ್ಚುಕಮ್ಮಿ ರೆಕಮಂಡೇಶನ್. "ಇದನ್ನೇ ಅಲ್ಲಿ ಹಾಕಿದರೆ ಸಾಕು ಸರ್" ಅಂದುಬಿಡಿ.

ಅಂಕಿಅಂಶದ ವಿಷಯದಲ್ಲಿ ಎಚ್ಚರ. "ರದ್ದತಿ ಇಷ್ಟು ಪರ್ಸೆಂಟ್ ಇಳಿಯಿತು" ಅಂತ ಬರೆಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅದು ಕಂಪನಿಯ ಒಳಗಿನ ಲೆಕ್ಕ. ಕೆಲಸಕ್ಕೆ ಸೇರುವಾಗ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರೆ ನೀವೂ ಹೊರಗೆ ಹೇಳುವ ಹಾಗಿಲ್ಲ, ಅಲ್ಲೇ ಇರುವ ಮ್ಯಾನೇಜರ್ ಅಂತೂ ಹೇಳುವ ಹಾಗೇ ಇಲ್ಲ. ಇನ್ನೂ ಬಿಡುಗಡೆ ಆಗದ ಫೀಚರ್‌ನ ಹೆಸರೂ ಅಷ್ಟೇ. ನಮ್ಮ ಡಿಸೈನರ್‌ನ ಟಿಪ್ಪಣಿಯಲ್ಲಿ ಒಂದು ಅಂಕಿಯೂ ಇರಲಿಲ್ಲ, ಬರಹಕ್ಕೆ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಬರಹ ಬಂದಾಗ ಅದರಲ್ಲಿ ತಪ್ಪಿದ್ದರೆ, ಉದಾಹರಣೆಗೆ ನಿಮ್ಮ ಹುದ್ದೆ ತಪ್ಪಾಗಿದ್ದರೆ ಅಥವಾ ಬೇರೆಯವರ ಕೆಲಸ ನಿಮ್ಮ ಹೆಸರಿಗೆ ಬಂದಿದ್ದರೆ, ಸಂಕೋಚಪಡದೆ ತಿದ್ದುಪಡಿ ಕೇಳಿ. "ಎರಡನೇ ಸಾಲಲ್ಲಿ ಸೀನಿಯರ್ ಡಿಸೈನರ್ ಅಂತಿದೆ ಮೇಡಂ, ಆಗ ನಾನಿನ್ನೂ ಡಿಸೈನರ್ ಆಗಿದ್ದೆ, ಅದೊಂದು ಬದಲಿಸಿದರೆ ಸಾಕು" ಅಂದರೆ ಮುಗಿಯಿತು. ಇನ್ನಷ್ಟು ಹೊಗಳಿ ಅಂತ ತಿದ್ದುಪಡಿ ಕೇಳಿದವರೂ ಇದ್ದಾರೆ. ಅದು ಮಾತ್ರ ಬೇಡಪ್ಪಾ.

ಉತ್ತರವೇ ಬರದಿದ್ದರೆ? ಒಂದೆರಡು ವಾರ ಬಿಟ್ಟು ಒಂದು ಸಲ ನೆನಪಿಸಿ, ಚಿಕ್ಕದಾಗಿ. ಆಮೇಲೆ ಸುಮ್ಮನಾಗಿ. ಮೂರನೆಯ ಸಲ ನೆನಪಿಸಿದ ಮೇಲೆ ಬರುವ ಬರಹ, ನಾನು ಆಗ ಹೇಳಿದ ತಣ್ಣನೆಯ ಜಾತಿಯದೇ ಆಗಿರುತ್ತದೆ.

ಇಲ್ಲ ಅಂತ ಉತ್ತರ ಬಂದರೆ ಮಾತ್ರ ಅಲ್ಲಿಗೇ ಬಿಡಬೇಡಿ. ಕೆಲವು ಕಂಪನಿಗಳಲ್ಲಿ ಮ್ಯಾನೇಜರ್‌ಗಳು ಬಿಟ್ಟುಹೋದವರ ಬಗ್ಗೆ ಸಾರ್ವಜನಿಕವಾಗಿ ಬರೆಯಬಾರದು ಅನ್ನುವ ನಿಯಮ ಇರುತ್ತದೆ. ಏನಿದ್ದರೂ ಎಚ್‌ಆರ್ ಮೂಲಕ, ಅವರು ಹುದ್ದೆ ಮತ್ತು ತಾರೀಖು ಮಾತ್ರ ದೃಢಪಡಿಸುತ್ತಾರೆ. ಮ್ಯಾನೇಜರ್‌ಗೆ ನಿಮ್ಮ ಮೇಲೆ ಎಷ್ಟೇ ಅಭಿಮಾನ ಇದ್ದರೂ ಕೈ ಕಟ್ಟಿಹಾಕಿದಂತೆ. ಆಗ ಹೀಗೆ ಬರೆಯಿರಿ: "ಅರ್ಥ ಆಯ್ತು ಸರ್, ಪರವಾಗಿಲ್ಲ. ನೀವು ಮುಂದೆ ಬೇರೆ ಕಡೆ ಹೋದಾಗ ಇದು ಸಾಧ್ಯ ಆದರೆ ಆಗ ನೋಡೋಣ. ಅಲ್ಲಿವರೆಗೆ, ಯಾರಾದರೂ ಫೋನ್‌ನಲ್ಲಿ ನನ್ನ ಬಗ್ಗೆ ವಿಚಾರಿಸಬೇಕು ಅಂದ್ರೆ ನಿಮ್ಮ ಹೆಸರು ಕೊಡಬಹುದಾ? ಕೊಡೋ ಮೊದಲು ಪ್ರತಿ ಸಲ ನಿಮಗೆ ತಿಳಿಸ್ತೀನಿ." ಬರೆಯಲು ಹಿಂಜರಿದವರು ಇದಕ್ಕೆ ಒಪ್ಪಿದ್ದನ್ನು ನೋಡಿದ್ದೇನೆ, ಆದರೆ ಅವರ ಕಂಪನಿಯ ನಿಯಮ ಫೋನಿಗೂ ಅನ್ವಯಿಸಬಹುದು, ಅದನ್ನು ಅವರೇ ನೋಡಿ ಹೇಳಲಿ. ಒಪ್ಪಿದರೆ, ಫೋನ್ ಬರುವ ಹಿಂದಿನ ದಿನ ನಾನು ಓದಿದ ಎರಡನೆಯ ಸಂದೇಶದಂಥ ಟಿಪ್ಪಣಿಯನ್ನು ಅವರಿಗೆ ಕಳಿಸಿ.